4ನೇ ದಿನ ಗೆದ್ದ ಟೆಸ್ಟ್ 14ನೇ ದಿನ ಎಲ್ಲಿ ಹೋಯಿತು? ಎ/ಬಿ ಟೆಸ್ಟ್ ಇಂಟರ್‌ವ್ಯೂ ಪ್ರಶ್ನೆಗೆ ಒಂದು ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ಡೇಟಾ ಸೈನ್ಸ್ ಇಂಟರ್‌ವ್ಯೂನಲ್ಲಿ ಪಿ ವ್ಯಾಲ್ಯೂ ಎಂದರೇನು ಎಂದು ನೇರವಾಗಿ ಕೇಳಿದರೆ ಬಾಯಿಪಾಠದಲ್ಲಿ ಪಾರಾಗಬಹುದು. ಕೆಟ್ಟುಹೋದ ಟೆಸ್ಟ್ ಒಂದನ್ನು ಮುಂದಿಟ್ಟು "ಎಲ್ಲಿ ತಪ್ಪಿದೆ ಹುಡುಕಿ" ಎಂದಾಗ ಬಾಯಿಪಾಠ ಕೈಕೊಡುತ್ತದೆ. ಅಂಥ ಒಂದೇ ಕೇಸನ್ನು ಇಲ್ಲಿ ಕೊನೆಯವರೆಗೆ ಬಿಚ್ಚಿ ನೋಡೋಣ.

ಒಂದು ನೋಂದಣಿ ಪುಟವಿದೆ. ಹಳೆಯ ಪುಟ ಎ, ಹೊಸದು ಬಿ. ದಿನಕ್ಕೆ 2,200 ಜನ ಮೊದಲ ಬಾರಿಗೆ ಆ ಪುಟಕ್ಕೆ ಬರುತ್ತಾರೆ. ಅರ್ಧ ಜನರಿಗೆ ಎ, ಉಳಿದರ್ಧಕ್ಕೆ ಬಿ. ಟೆಸ್ಟ್ ಸೋಮವಾರ ಶುರುವಾಯಿತು. ತಂಡದವರು ದಿನಾ ರಾತ್ರಿ ಡ್ಯಾಶ್‌ಬೋರ್ಡ್ ತೆರೆದು ನೋಡುತ್ತಿದ್ದರು. 4ನೇ ದಿನ ಪಿ ವ್ಯಾಲ್ಯೂ 0.05ರ ಕೆಳಗಿಳಿಯಿತು, ಬಿ ಗೆದ್ದಿತು ಎಂದು ಸಾರಿದರು. ಕೋಡ್ ಬದಲಿಸಲು ಯಾರಿಗೂ ಪುರಸೊತ್ತಾಗದೆ ಟೆಸ್ಟ್ ಮಾತ್ರ ಎರಡು ವಾರ ಓಡುತ್ತಲೇ ಇತ್ತು. ಆಮೇಲೆ ತೆಗೆದು ನೋಡಿದರೆ ಲೆಕ್ಕ ಹೀಗಿದೆ:

| ಅವಧಿ | ಪ್ರತಿ ಗುಂಪಿನ ಜನ | ಎ ನೋಂದಣಿ | ಬಿ ನೋಂದಣಿ | ವ್ಯತ್ಯಾಸ (ಪಾಯಿಂಟ್) | ಪಿ ವ್ಯಾಲ್ಯೂ |
|---|---|---|---|---|---|
| ದಿನ 1–4 | 4,400 | 440 (10.00%) | 502 (11.41%) | +1.41 | 0.033 |
| ದಿನ 1–14 | 15,400 | 1,548 (10.05%) | 1,600 (10.39%) | +0.34 | 0.33 |

ಪಾಯಿಂಟ್ ಎಂದರೆ ಇಲ್ಲಿ ಪರ್ಸೆಂಟೇಜ್ ಪಾಯಿಂಟ್. ಪ್ರಶ್ನೆ: 4ನೇ ದಿನ ಇದ್ದ ಗೆಲುವು ಎಲ್ಲಿ ಹೋಯಿತು?

"ಇಣುಕಿ ನೋಡಿದ್ದೇ ತಪ್ಪು" ಎಂದು ತಟ್ಟನೆ ಹೇಳಿಬಿಡುವ ಆಸೆಯಾಗುತ್ತದೆ. ಉತ್ತರ ಕೊನೆಗೆ ಅದೇ ಆಗಬಹುದು. ಆದರೆ ಬೇರೆ ಕಾರಣಗಳನ್ನು ತಳ್ಳಿಹಾಕದೆ ಅಲ್ಲಿಗೆ ಹಾರಿದರೆ ಅದು ಊಹೆ, ಪತ್ತೆಯಲ್ಲ. ಕೇಳುವವರು ನೋಡುವುದು ನೀವು ತಳ್ಳಿಹಾಕುವ ಕ್ರಮವನ್ನು.

ಮೊದಲು ಎಣಿಕೆ ಸರಿಯಿದೆಯೇ ನೋಡಿ

ಗುಂಪುಗಳಿಗೆ ಜನ ಸರಿಯಾಗಿ ಹಂಚಿಕೆಯಾಗಿಲ್ಲದಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ಈ ಕೇಸಿನಲ್ಲಿ ಎರಡೂ ಕಡೆ 15,400, ಹಾಗಾಗಿ ತೊಂದರೆಯಿಲ್ಲ. ಪ್ರಶ್ನೆಯನ್ನು ಸ್ವಲ್ಪ ತಿರುಚಿ 15,700 ಮತ್ತು 15,100 ಎಂದು ಕೊಟ್ಟರೋ, ಅಲ್ಲಿ ಎಚ್ಚರ ಬೇಕು. ಶೇಕಡಾವಾರು ನೋಡಿದರೆ 51ಕ್ಕೆ 49, ಪರವಾಗಿಲ್ಲ ಅನ್ನಿಸುತ್ತದೆ. ಕೈ-ಸ್ಕ್ವೇರ್ ಲೆಕ್ಕ ಹಾಕಿ: ಪ್ರತಿ ಕಡೆ ನಿರೀಕ್ಷೆಗಿಂತ 300 ವ್ಯತ್ಯಾಸ, ಅಂದರೆ 300²/15,400, ಅದರ ಎರಡರಷ್ಟು, ಸುಮಾರು 11.7. ಇದರ ಪಿ ವ್ಯಾಲ್ಯೂ 0.0006ರ ಆಸುಪಾಸು. ನಾಣ್ಯ ಚಿಮ್ಮಿ ಹಂಚಿದ್ದರೆ ಇಷ್ಟು ಓರೆಯಾಗುವುದು ತೀರಾ ಅಪರೂಪ. ಬಿ ಪುಟ ತಡವಾಗಿ ತೆರೆದುಕೊಂಡು ಕೆಲವರು ಎಣಿಕೆಗೆ ಸಿಗುವ ಮೊದಲೇ ಹೊರಟುಹೋಗುವುದು, ಒಂದು ಕಡೆ ಮಾತ್ರ ಬಾಟ್‌ಗಳನ್ನು ಸೋಸಿ ತೆಗೆಯುವುದು, ರೀಡೈರೆಕ್ಟ್ ಒಂದೇ ಗುಂಪಿಗೆ ಇರುವುದು, ಇವು ಸಾಮಾನ್ಯ ಕಾರಣಗಳು. ಅಂಥ ಟೆಸ್ಟ್‌ಗೆ ಔಷಧಿ ಲೆಕ್ಕದಲ್ಲಿಲ್ಲ. ಕಾರಣ ಹುಡುಕಿ ಸರಿಮಾಡಿ ಮತ್ತೆ ಓಡಿಸಬೇಕು.

ಇದರ ಜೊತೆಗೆ ಇನ್ನೊಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಹಂಚಿದ್ದು ವ್ಯಕ್ತಿಗಳನ್ನೋ ಭೇಟಿಗಳನ್ನೋ? ವ್ಯಕ್ತಿಗಳನ್ನು ಹಂಚಿ ಭೇಟಿಗಳನ್ನು ಎಣಿಸಿದರೆ ಒಬ್ಬರೇ ಹತ್ತು ಸಲ ಲೆಕ್ಕಕ್ಕೆ ಬರುತ್ತಾರೆ, ಸ್ಟ್ಯಾಂಡರ್ಡ್ ಎರರ್ ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಪಿ ವ್ಯಾಲ್ಯೂ ಸುಳ್ಳು ಹೇಳುತ್ತದೆ. ಇಲ್ಲಿ ಪ್ರತಿಯೊಬ್ಬರೂ ಒಂದೇ ಸಲ ಬರುವುದರಿಂದ ಆ ಗೋಜಿಲ್ಲ.

ಹೊಸತನದ ಮೋಹವೋ, ಬರಿಯ ಅದೃಷ್ಟವೋ?

ಮೊದಲ ನಾಲ್ಕು ದಿನ ಕಳೆದು ಉಳಿದ ಹತ್ತು ದಿನಗಳನ್ನು ಮಾತ್ರ ನೋಡಿದರೆ ಎ 1,108, ಬಿ 1,098, ಎರಡೂ ಕಡೆ 11,000 ಜನ. ಬಿ ಒಂದು ಕೂದಲೆಳೆ ಹಿಂದೆಯೇ ಇದೆ. ಇದನ್ನು ಕಂಡ ಕೂಡಲೇ "ಹೊಸ ವಿನ್ಯಾಸದ ಮೋಹ ನಾಲ್ಕು ದಿನದಲ್ಲಿ ಇಳಿದುಹೋಯಿತು" ಎನ್ನುವ ವಿವರಣೆ ಹುಟ್ಟಿಕೊಳ್ಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹೊಸತನದ ಮೋಹ ಹುಟ್ಟಬೇಕಾದರೆ ನೋಡುವವರಿಗೆ ಹಳೆಯದು ಗೊತ್ತಿರಬೇಕು. ಇಲ್ಲಿ ಎಲ್ಲರೂ ಮೊದಲ ಬಾರಿಗೆ ಬಂದವರು. 9ನೇ ದಿನ ಬಂದವರಿಗೂ ಬಿ ಪುಟ 2ನೇ ದಿನ ಬಂದವರಿಗೆ ಇದ್ದಷ್ಟೇ ಹೊಸದು.

ಮರಳಿ ಬರುವ ಬಳಕೆದಾರರಿರುವ ಟೆಸ್ಟ್ ಆಗಿದ್ದರೆ ಪತ್ತೆಯ ದಾರಿ ಬೇರೆ. ಕ್ಯಾಲೆಂಡರ್ ದಿನ ಬಿಟ್ಟು, ಒಬ್ಬೊಬ್ಬರೂ ಟೆಸ್ಟ್‌ಗೆ ಸೇರಿ ಎಷ್ಟು ದಿನವಾಯಿತು ಎಂಬುದರ ಮೇಲೆ ವ್ಯತ್ಯಾಸವನ್ನು ಜೋಡಿಸಿ. ಮೋಹವೇ ಕಾರಣವಾದರೆ ಯಾವ ದಿನ ಸೇರಿದವರಲ್ಲೂ ಮೊದಲು ಏರಿ ಆಮೇಲೆ ಇಳಿಯುವ ಆಕಾರ ಕಾಣುತ್ತದೆ. ಅದೃಷ್ಟವೇ ಕಾರಣವಾದರೆ ಆಕಾರವೇನೂ ಇರುವುದಿಲ್ಲ, ಒಂದು ಸಣ್ಣ ಸಂಖ್ಯೆಯ ಸುತ್ತ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ.

ವಾರದ ದಿನಗಳ ಮೇಲೂ ಅನುಮಾನ ಬರಬೇಕು. ಮೊದಲ ನಾಲ್ಕು ದಿನ ಸೋಮವಾರದಿಂದ ಗುರುವಾರ, ವಾರಾಂತ್ಯ ಸೇರಿಲ್ಲ. ಬಿ ವಾರದ ನಡುವೆ ಮಾತ್ರ ಕೆಲಸ ಮಾಡುತ್ತದೆ ಎಂಬುದು ನಿಜವಾದರೆ 8ರಿಂದ 11ನೇ ದಿನದಲ್ಲಿ, ಅಂದರೆ ಎರಡನೇ ವಾರದ ಸೋಮವಾರದಿಂದ ಗುರುವಾರದಲ್ಲಿ, ಮತ್ತೆ ಕಾಣಿಸಿಕೊಳ್ಳಬೇಕು. ಕಾಣದಿದ್ದರೆ ಆ ಅನುಮಾನವನ್ನೂ ಬಿಡಿ. "ಮೊದಲ 4, ಉಳಿದ 10" ಎಂದು ಗೆರೆ ಎಳೆದದ್ದು ಫಲಿತಾಂಶ ನೋಡಿದ ಮೇಲೆ. ಹಾಗೆ ಎಳೆದ ಗೆರೆಯ ಎರಡು ಬದಿಗಳನ್ನು ಹೋಲಿಸಿ ಇನ್ನೊಂದು ಪಿ ವ್ಯಾಲ್ಯೂ ತೆಗೆದರೆ ಅದೂ ಇಣುಕಿನ ತಮ್ಮನೇ.

ಎಷ್ಟು ಜನ ಬೇಕಿತ್ತು?

ಈಗ ಸ್ಯಾಂಪಲ್ ಗಾತ್ರ. ಟೆಸ್ಟ್ ಶುರುವಾಗುವ ಮೊದಲು ತಂಡ ನಾಲ್ಕು ಸಂಖ್ಯೆ ಬರೆದಿಡಬೇಕಿತ್ತು: ಈಗಿನ ದರ 10%, ಕಂಡುಹಿಡಿಯಲೇಬೇಕಾದ ಕನಿಷ್ಠ ಏರಿಕೆ 1 ಪಾಯಿಂಟ್, ಹುಸಿ ಗೆಲುವಿಗೆ ಕೊಡುವ ಅವಕಾಶ 5%, ನಿಜವಾದ ಏರಿಕೆಯನ್ನು ಹಿಡಿಯುವ ಪವರ್ 80%. ಇಂಟರ್‌ವ್ಯೂನಲ್ಲಿ ಕ್ಯಾಲ್ಕುಲೇಟರ್ ಸಿಗದಿದ್ದರೆ `16 * p * (1-p) / d²` ಸಾಕು; `p` ಈಗಿನ ದರ, `d` ಕಂಡುಹಿಡಿಯಬೇಕಾದ ಏರಿಕೆ. 16 × 0.09 / 0.0001, ಅಂದರೆ ಪ್ರತಿ ಗುಂಪಿಗೆ 14,400. ಸ್ವಲ್ಪ ಬಿಗಿಯಾದ ಲೆಕ್ಕ ಬೇಕಾದರೆ:

```python
p1, p2 = 0.10, 0.11
n = (1.96 + 0.8416)**2 * (p1*(1-p1) + p2*(1-p2)) / (p2 - p1)**2
print(round(n))   # 14748
```

ದಿನಕ್ಕೆ ಗುಂಪಿಗೆ 1,100 ಜನರಂತೆ 14 ದಿನಕ್ಕೆ 15,400. ಎರಡು ಪೂರ್ತಿ ವಾರವೂ ಆಯಿತು, ಲೆಕ್ಕಕ್ಕೂ ಸಾಕಾಯಿತು. 4ನೇ ದಿನ ಕೈಯಲ್ಲಿದ್ದದ್ದು 4,400, ಬೇಕಾದ್ದರ ಮೂರನೇ ಒಂದು ಭಾಗಕ್ಕೂ ಕಡಿಮೆ. ಅಷ್ಟು ಜನರಲ್ಲಿ 1 ಪಾಯಿಂಟ್ ಏರಿಕೆ ನಿಜವಾಗಿದ್ದರೂ ಅದನ್ನು ಹಿಡಿಯುವ ಸಾಧ್ಯತೆ ಸುಮಾರು 33% ಮಾತ್ರ.

ಇದರಿಂದ ಹುಟ್ಟುವ ಇನ್ನೊಂದು ಸಂಗತಿಯನ್ನು ಹೇಳುವವರು ಕಡಿಮೆ. 4,400 ಜನರ ಹಂತದಲ್ಲಿ ಸ್ಟ್ಯಾಂಡರ್ಡ್ ಎರರ್ 0.66 ಪಾಯಿಂಟ್. ಅದರ 1.96 ಪಟ್ಟು ಸುಮಾರು 1.3 ಪಾಯಿಂಟ್. ಅಂದರೆ 4ನೇ ದಿನ "ಗೆದ್ದೆವು" ಎನ್ನಬೇಕಾದರೆ ಕಾಣುವ ವ್ಯತ್ಯಾಸ ಕನಿಷ್ಠ 1.3 ಇರಲೇಬೇಕು. ನಿಜವಾದ ಪರಿಣಾಮ 1 ಪಾಯಿಂಟ್ ಆಗಿದ್ದರೂ, ಆ ದಿನ ಗೆದ್ದ ಪ್ರತಿ ಟೆಸ್ಟೂ ಅದಕ್ಕಿಂತ ದೊಡ್ಡದನ್ನೇ ತೋರಿಸಿರುತ್ತದೆ. ಬೇಗ ನಿಲ್ಲಿಸಿದ ಟೆಸ್ಟ್‌ಗಳ ಗೆಲುವು ಬಿಡುಗಡೆಯಾದ ಮೇಲೆ ಸೊರಗುವುದಕ್ಕೆ ಇದೇ ಕಾರಣ. ಪರಿಣಾಮ ನಿಜವಾದಾಗಲೂ ಸೊರಗುತ್ತದೆ.

ಈ ಘಟ್ಟದಲ್ಲಿ ಬೀಳುವ ಗುಂಡಿಯೊಂದಿದೆ. "1% ಏರಿಕೆ" ಎಂದರೆ 10ರಿಂದ 11ಕ್ಕೋ, 10ರಿಂದ 10.1ಕ್ಕೋ? ಎರಡನೆಯದಾದರೆ ಅದೇ ಸೂತ್ರಕ್ಕೆ ಗುಂಪಿಗೆ 14 ಲಕ್ಷಕ್ಕೂ ಹೆಚ್ಚು ಜನ ಬೇಕು. ವ್ಯತ್ಯಾಸ `d` ಹತ್ತು ಪಟ್ಟು ಕುಗ್ಗಿದರೆ ಗಾತ್ರ ಸುಮಾರು ನೂರು ಪಟ್ಟು ಹಿಗ್ಗುತ್ತದೆ, ಛೇದದಲ್ಲಿ ವರ್ಗವಿದೆಯಲ್ಲ. ಲೆಕ್ಕ ಶುರುಮಾಡುವ ಮೊದಲೇ ಇದನ್ನು ಬಾಯಿಬಿಟ್ಟು ಕೇಳಿ. ಕೇಳದೆ ಒಂದನ್ನು ಊಹಿಸಿಕೊಂಡರೆ ಮುಂದಿನದೆಲ್ಲ ಸರಿಯಿದ್ದೂ ತಪ್ಪು.

ಎಷ್ಟು ಸಲ ಇಣುಕಿದರು?

ಈಗ ಮುಖ್ಯ ಶಂಕಿತನ ಸರದಿ. 5% ಎಂಬ ಭರವಸೆ ಒಂದೇ ಸಲ, ಮೊದಲೇ ಗೊತ್ತುಮಾಡಿದ ದಿನ ನೋಡಿದರೆ ಮಾತ್ರ ನಿಲ್ಲುತ್ತದೆ. ದಿನಾ ನೋಡಿ, 0.05ರ ಕೆಳಗಿಳಿದ ದಿನ ನಿಲ್ಲಿಸುವುದೇ ನಿಯಮವಾದರೆ, ನೀವು ಕೇಳುತ್ತಿರುವ ಪ್ರಶ್ನೆಯೇ ಬದಲಾಗುತ್ತದೆ. "14ನೇ ದಿನ ಗೆರೆ ದಾಟಿದೆಯೇ" ಎಂಬುದು "ಯಾವತ್ತಾದರೂ ಒಂದು ದಿನ ಗೆರೆ ದಾಟಿತೇ" ಎಂದಾಗುತ್ತದೆ. ತೂರಾಡುತ್ತ ನಡೆಯುವವನು ಹದಿನಾಲ್ಕನೇ ಹೆಜ್ಜೆಗೆ ರಸ್ತೆಯ ಆಚೆ ಇರುವುದು ಬೇರೆ, ನಡುವೆ ಎಲ್ಲಾದರೂ ಒಮ್ಮೆ ಆಚೆ ಕಾಲಿಡುವುದು ಬೇರೆ.

ಆರ್ಮಿಟೇಜ್, ಮೆಕ್‌ಫರ್ಸನ್ ಮತ್ತು ರೋ 1969ರಲ್ಲೇ ಈ ಲೆಕ್ಕ ಹಾಕಿದ್ದಾರೆ. ಸಮಾನ ಅಂತರದಲ್ಲಿ 2 ಸಲ ನೋಡಿದರೆ ಹುಸಿ ಗೆಲುವಿನ ಸಾಧ್ಯತೆ 5%ರಿಂದ 8.3%ಕ್ಕೆ ಏರುತ್ತದೆ, 4 ಸಲಕ್ಕೆ 12.6%, 10 ಸಲಕ್ಕೆ 19.3%. ಬೋರ್ಡ್ ಮುಂದೆ ನಿಂತಾಗ ಈ ಅಂಕಿಗಳು ನೆನಪಾಗದಿದ್ದರೆ ಚಿಂತೆಯಿಲ್ಲ. ಎರಡೂ ಗುಂಪಿಗೆ ಒಂದೇ ದರ ಕೊಟ್ಟು, ಅಂದರೆ ಬಿ ಏನೂ ಮಾಡುವುದಿಲ್ಲ ಎಂದೇ ಇಟ್ಟುಕೊಂಡು, ಹತ್ತು ಸಾವಿರ ಸಲ ಓಡಿಸಿ:

```python
import numpy as np
rng = np.random.default_rng(7)
tests, days, n, p = 10000, 14, 1100, 0.10
a = rng.binomial(n, p, (tests, days)).cumsum(axis=1)
b = rng.binomial(n, p, (tests, days)).cumsum(axis=1)
N = n * np.arange(1, days + 1)
pool = (a + b) / (2 * N)
z = (b - a) / N / np.sqrt(2 * pool * (1 - pool) / N)
hit = np.abs(z) > 1.96
print(hit[:, -1].mean())             # ಕೊನೆಯ ದಿನ ಮಾತ್ರ
print(hit[:, :4].any(axis=1).mean()) # ಮೊದಲ 4 ದಿನ, ದಿನಾ
print(hit.any(axis=1).mean())        # 14 ದಿನ, ದಿನಾ
```

ಮೂರು ಸಾಲುಗಳಲ್ಲಿ ಸುಮಾರು 0.05, 0.126, 0.22 ಬರುತ್ತವೆ. ದಶಾಂಶದ ಕೊನೆಯಲ್ಲಿ ತುಸು ಅಲುಗಾಟ ಇರುತ್ತದೆ. ನಡುವಿನ ಸಂಖ್ಯೆಯನ್ನು ಗಮನಿಸಿ. 14 ದಿನ ಇಣುಕಿದರೆ ಬರುವ ಹುಸಿ ಗೆಲುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ನಾಲ್ಕೇ ದಿನದಲ್ಲಿ ಬಂದುಹೋಗಿವೆ. ಶುರುವಿನಲ್ಲಿ ಪ್ರತಿ ದಿನದ ಹೊಸ ಡೇಟಾ ಒಟ್ಟು ಮೊತ್ತವನ್ನು ಜೋರಾಗಿ ಅಲುಗಾಡಿಸುತ್ತದೆ: 2ನೇ ದಿನ ಬಂದದ್ದು ಒಟ್ಟಿನ ಅರ್ಧ, 14ನೇ ದಿನ ಬಂದದ್ದು ಹದಿನಾಲ್ಕನೇ ಒಂದು ಭಾಗ. ಹಾಗಾಗಿ ಹುಸಿ ಗೆಲುವುಗಳಲ್ಲಿ ಹೆಚ್ಚಿನವು ಮೊದಲ ದಿನಗಳಲ್ಲೇ ಕಾಣಿಸಿಕೊಳ್ಳುತ್ತವೆ. ಈ ಕೇಸಿನ ಲಕ್ಷಣವೂ ಅದಕ್ಕೆ ಸರಿಹೊಂದುತ್ತದೆ.

ಇಣುಕುವುದು ಎಂದರೆ ಬೇಗ ನಿಲ್ಲಿಸುವುದು ಮಾತ್ರವಲ್ಲ. 14ನೇ ದಿನ ಪಿ ವ್ಯಾಲ್ಯೂ 0.07 ಬಂತು, "ಇನ್ನೊಂದು ವಾರ ಓಡಿಸೋಣ" ಎಂದರೆ ಅದೂ ಅದೇ ದೋಷ. ಗೆದ್ದಿದ್ದರೆ ನಿಲ್ಲಿಸುತ್ತಿದ್ದಿರಿ, ಸೋತದ್ದಕ್ಕೆ ಮುಂದುವರಿಸುತ್ತಿದ್ದೀರಿ. ಇನ್ನು ಡ್ಯಾಶ್‌ಬೋರ್ಡ್ ನೋಡುವುದೇ ಅಪರಾಧವಲ್ಲ. ಪುಟ ಒಡೆದಿದೆಯೇ, ಎಣಿಕೆ ಬರುತ್ತಿದೆಯೇ ಎಂದು ದಿನಾ ನೋಡಲೇಬೇಕು. ಗೆಲುವಿನ ಸಂಖ್ಯೆ ನೋಡಿ ನಿಲ್ಲಿಸುವ ತೀರ್ಮಾನ ಕೈಗೊಂಡಾಗ ಮಾತ್ರ 5% ಒಡೆಯುತ್ತದೆ.

0.033 ಏನು ಹೇಳಿತು, ಏನು ಹೇಳಲಿಲ್ಲ

ಇಷ್ಟು ಹೇಳಿದ ಮೇಲೆ "ಹಾಗಾದರೆ 4ನೇ ದಿನದ 0.033ರ ಅರ್ಥವೇನು?" ಎಂಬ ಮರುಪ್ರಶ್ನೆ ಬರುವುದು ಸಹಜ. "ಬಿ ಕೆಲಸ ಮಾಡದಿರುವ ಸಾಧ್ಯತೆ 3.3%" ಎಂದರೆ ಇಲ್ಲಿಯವರೆಗೆ ಗಳಿಸಿದ್ದೆಲ್ಲ ನೀರಿನಲ್ಲಿ ಹೋಮ. ಸರಿಯಾದ ಮಾತು ಹೀಗಿದೆ: ಎ ಮತ್ತು ಬಿ ನಡುವೆ ನಿಜಕ್ಕೂ ವ್ಯತ್ಯಾಸವಿಲ್ಲದಿದ್ದು, ಆ ಒಂದೇ ದಿನ ನೋಡುವುದೆಂದು ಮೊದಲೇ ತೀರ್ಮಾನವಾಗಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಯಾವುದಾದರೊಂದು ದಿಕ್ಕಿನಲ್ಲಿ ಕಾಣುವ ಸಾಧ್ಯತೆ 3.3%. ವಾಕ್ಯದ ನಡುವಿನ "ಮೊದಲೇ ತೀರ್ಮಾನವಾಗಿದ್ದರೆ" ಎಂಬ ಷರತ್ತೇ ಇಲ್ಲಿ ಮುರಿದಿದೆ.

ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ತೋರಿಸಲು ಒಂದು ಕಾಲ್ಪನಿಕ ಲೆಕ್ಕ ಬರೆದು ತೋರಿಸಿ. ಒಂದು ತಂಡ 100 ಹೊಸ ವಿಚಾರಗಳನ್ನು ಪರೀಕ್ಷಿಸುತ್ತದೆ, ಅವುಗಳಲ್ಲಿ 10 ಮಾತ್ರ ನಿಜವಾಗಿ ಕೆಲಸ ಮಾಡುತ್ತವೆ ಎನ್ನೋಣ. ಕೊನೆಯ ದಿನ ಮಾತ್ರ ನೋಡಿದರೆ 80% ಪವರ್‌ನಲ್ಲಿ 8 ನಿಜವಾದವು ಗೆಲ್ಲುತ್ತವೆ. ಉಳಿದ 90ರಲ್ಲಿ 2.5% ಬಿ ಪರವಾಗಿ ಹುಸಿಯಾಗಿ ಗೆಲ್ಲುತ್ತವೆ, ಅಂದರೆ ಎರಡು ಚಿಲ್ಲರೆ. ದಿನಾ ಇಣುಕಿದರೆ ಆ ಹುಸಿ ದರ 22%ರ ಅರ್ಧ, 11%ಕ್ಕೆ ಏರುತ್ತದೆ, ಹುಸಿ ಗೆಲುವು 10ರ ಹತ್ತಿರ ಬರುತ್ತದೆ. ನಿಜವಾದ ಹತ್ತಕ್ಕೆ ಹತ್ತೂ ಗೆದ್ದವು ಎಂದೇ ಉದಾರವಾಗಿ ಒಪ್ಪಿಕೊಂಡರೂ ಗೆದ್ದವುಗಳಲ್ಲಿ ಅರ್ಧದಷ್ಟು ಪೊಳ್ಳು. ಮೊದಲ ವಿಧಾನದಲ್ಲೂ ಪೊಳ್ಳಿನ ಪಾಲು 5% ಅಲ್ಲ, ಸುಮಾರು ಐದನೇ ಒಂದು ಭಾಗ. ಪಿ ವ್ಯಾಲ್ಯೂ ಆ ಪಾಲನ್ನು ಹೇಳುವುದೇ ಇಲ್ಲ.

ರಿಪೇರಿ

ಬೇಗ ನಿಲ್ಲಿಸುವ ಅವಕಾಶ ನಿಜಕ್ಕೂ ಬೇಕಿದ್ದರೆ ಅದನ್ನು ಮೊದಲೇ ಕೊಂಡುಕೊಳ್ಳಬೇಕು. ಈ ಟೆಸ್ಟ್‌ಗೆ ನಮ್ಮ ಆಯ್ಕೆ ಎರಡು ನೋಟ: 7ನೇ ದಿನ ಒಮ್ಮೆ, 14ನೇ ದಿನ ಒಮ್ಮೆ. ಹಲವು ಸಲ ನೋಡುವ ಟೆಸ್ಟ್‌ಗಳಿಗೆಂದೇ ಇರುವ, ಶುರುವಿನಲ್ಲಿ ತೀರಾ ಬಿಗಿಯಾದ ಒ'ಬ್ರಿಯಾನ್-ಫ್ಲೆಮಿಂಗ್ ಗೆರೆಯಲ್ಲಿ 7ನೇ ದಿನ ನಿಲ್ಲಿಸಲು ಝಡ್ ಅಂಕ 2.797 ದಾಟಬೇಕು, ಅಂದರೆ ಪಿ ವ್ಯಾಲ್ಯೂ 0.0052ಕ್ಕಿಂತ ಕೆಳಗೆ. ದಾಟದಿದ್ದರೆ 14ನೇ ದಿನ 1.977, ಪಿ ವ್ಯಾಲ್ಯೂ 0.048. ಕೊನೆಯ ದಿನದ ಗೆರೆ ಮಾಮೂಲಿ 1.96ಕ್ಕೆ ಅಂಟಿಕೊಂಡಂತೇ ಇದೆ, ಹಾಗಾಗಿ ಪವರ್ ನಷ್ಟ ನಗಣ್ಯ. ಪೊಕಾಕ್ ಗೆರೆಯಲ್ಲಾದರೆ ಎರಡೂ ದಿನ ಒಂದೇ ಮಟ್ಟ, 0.0294. ಮೊದಲ ವಾರದಲ್ಲಿ ನಿಲ್ಲಿಸುವುದು ಸುಲಭ, ಕೊನೆಯಲ್ಲಿ ಗೆಲ್ಲುವುದು ಕಷ್ಟ. ಬೇಗ ನಿಲ್ಲಿಸುವುದಕ್ಕಿಂತ ಕೊನೆಯ ದಿನದ ಪವರ್ ಮುಖ್ಯವೆಂದಿರುವಾಗ ಪೊಕಾಕ್‌ಗೆ ಇಲ್ಲಿ ಜಾಗವಿಲ್ಲ.

0.05ನ್ನು 14ರಿಂದ ಭಾಗಿಸಿ ದಿನಾ 0.0036ರ ಗೆರೆ ಇಟ್ಟರೂ ಹುಸಿ ಗೆಲುವು ಹತೋಟಿಗೆ ಬರುತ್ತದೆ. ಆದರೆ ನಿನ್ನೆಯ ಡೇಟಾ ಇವತ್ತಿನ ಮೊತ್ತದೊಳಗೇ ಇರುವುದರಿಂದ ನೋಟಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಷ್ಟು ಬಿಗಿ ಬೇಕಾಗುವುದಿಲ್ಲ. ಪವರ್ ಸುಮ್ಮನೆ ಪೋಲಾಗುತ್ತದೆ.

ಈಗಾಗಲೇ ಮುಗಿದಿರುವ ಈ ಟೆಸ್ಟ್‌ನಿಂದ ಏನು ಹೇಳಬಹುದು ಎಂದು ಕೇಳಿದರೆ, 14ನೇ ದಿನದ ಲೆಕ್ಕವನ್ನೇ ಹೇಳಿ. ಅಷ್ಟು ದಿನದ ಗಾತ್ರಕ್ಕೇ ಯೋಜನೆ ಹಾಕಿದ್ದರು ಎಂಬುದು ಖಚಿತವಾಗಿದ್ದರೆ ಅದು ನಿಲ್ಲುತ್ತದೆ: ವ್ಯತ್ಯಾಸ 0.34 ಪಾಯಿಂಟ್, 95% ಕಾನ್ಫಿಡೆನ್ಸ್ ಇಂಟರ್‌ವಲ್ −0.34ರಿಂದ +1.01. ಇದು "ಪರಿಣಾಮವಿಲ್ಲ" ಎಂಬುದಕ್ಕೆ ಸಾಕ್ಷಿಯಲ್ಲ. 1 ಪಾಯಿಂಟ್‌ಗಿಂತ ದೊಡ್ಡ ಏರಿಕೆ ಇರಲಾರದು, ಅರ್ಧ ಪಾಯಿಂಟ್ ಇರಲೂಬಹುದು ಎಂಬಷ್ಟಕ್ಕೆ ಸಾಕ್ಷಿ. ಕಂಡ 0.34ನ್ನೇ ಇಟ್ಟುಕೊಂಡು ಹಿಂದಕ್ಕೆ ಪವರ್ ಲೆಕ್ಕ ಹಾಕಲು ಹೇಳಿದರೆ ಒಪ್ಪಬೇಡಿ. ಅದು ಪಿ ವ್ಯಾಲ್ಯೂವನ್ನೇ ಬೇರೆ ಅಂಗಿ ತೊಡಿಸಿ ತೋರಿಸಿದಂತೆ, ಹೊಸ ಮಾಹಿತಿ ಏನೂ ಸಿಗುವುದಿಲ್ಲ.

ಅರ್ಧ ಪಾಯಿಂಟ್ ಏರಿಕೆಯೂ ತಂಡಕ್ಕೆ ಲಾಭದಾಯಕವಾದರೆ ಹೊಸ ಟೆಸ್ಟ್ ಬೇಕು, ಇದೇ ಟೆಸ್ಟ್‌ನ ಬಾಲ ಎಳೆಯುವುದಲ್ಲ. 10ರಿಂದ 10.5ಕ್ಕೆ ಅದೇ ಸೂತ್ರದಲ್ಲಿ ಗುಂಪಿಗೆ ಸುಮಾರು 57,800 ಜನ. ದಿನಕ್ಕೆ 1,100 ಎಂದರೆ 53 ದಿನ, ಪೂರ್ತಿ ವಾರಗಳಿಗೆ ಏರಿಸಿದರೆ 56.